ಮದ್ದು ಹೊಡೆಯುವ ತಿಂಗಳಿಗೊಂದು ಕೋಣೆ

ಅಡಿಕೆ ತೋಟಕ್ಕೆ ಮದ್ದು ಹೊಡೆಯುವ ಪಂಪು, ಪೈಪು, ನಾಝಲ್ಲು, ಅವುಗಳ ಬಿಡಿಭಾಗ ಮಾರುವ ಕಂಪನಿಯೊಂದರ ಕೊಪ್ಪದ ಕಚೇರಿಯನ್ನು ನಾನು ಕೆಲವು ವರ್ಷ ನೋಡಿಕೊಂಡಿದ್ದೆ. ನಮ್ಮ ವ್ಯಾಪ್ತಿ ಮೂರು ತಾಲೂಕು. ಕೊಪ್ಪ ನಡುವೆ, ಒಂದು ಕಡೆ ಶೃಂಗೇರಿ, ಇನ್ನೊಂದು ಕಡೆ ನರಸಿಂಹರಾಜಪುರ. ಕೊಪ್ಪದಲ್ಲಿ ಉಳಿದುಕೊಂಡರೆ ಬೆಳಿಗ್ಗೆ ಕಿಗ್ಗದ ಕಡೆಯ ತೋಟಕ್ಕೂ ಹೋಗಬಹುದು, ಮಧ್ಯಾಹ್ನದ ಮೇಲೆ ಬಾಳೆಹೊನ್ನೂರಿನ ಅಂಗಡಿಗೂ ತಲುಪಬಹುದು. ಹಾಗಾಗಿ ಬೆಂಗಳೂರಿನಿಂದ, ಕೊಯಮತ್ತೂರಿನಿಂದ ಬರುವ ಸರ್ವಿಸ್ ಎಂಜಿನಿಯರುಗಳಿಗೆ, ಲೆಕ್ಕಪರಿಶೋಧಕರಿಗೆ, ಏರಿಯಾ ಮ್ಯಾನೇಜರುಗಳಿಗೆ ಕೋಣೆ ಹುಡುಕಿಕೊಡುವುದು ನನ್ನ ಕೆಲಸದಲ್ಲಿ ಸೇರಿತ್ತು. ಕೋಣೆಗಳ ಲೆಕ್ಕಕ್ಕೆಂದೇ ಒಂದು ರಿಜಿಸ್ಟರ್ ಇಟ್ಟಿದ್ದೆ. ಯಾರು ಬಂದರು, ಎಷ್ಟು ರಾತ್ರಿ ಉಳಿದರು, ಬಿಲ್ಲು ಯಾರ ಹೆಸರಿಗಾಯಿತು ಎಂದು ಅದರಲ್ಲಿ ಬರೆಯುತ್ತಿದ್ದೆ. ಎಲ್ಲ ಸೇರಿ ವರ್ಷಕ್ಕೆ ತೊಂಬತ್ತು, ನೂರು ರಾತ್ರಿಗಳಾಗುತ್ತಿದ್ದವು. ದೊಡ್ಡ ಊರಿನ ಹೋಟೆಲಿಗೆ ಇದು ಏನೂ ಅಲ್ಲ. ನಮ್ಮ ಕಡೆಯ ಹೋಟೆಲಿಗೆ ಇದು ಎಷ್ಟು ಬೆಲೆಯದೆಂದು ನನಗೆ ತಿಳಿದದ್ದು 2018ರ ಮಾರ್ಚಿನಲ್ಲಿ ಬಂದ ಒಂದು ಇಮೇಲಿನಿಂದ.

ಅದಕ್ಕೂ ಮೊದಲು ಈ ರಾತ್ರಿಗಳು ಯಾವ ತಿಂಗಳಲ್ಲಿ ಬೀಳುತ್ತಿದ್ದವು ಎಂದು ಹೇಳಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಅಡಿಕೆಗೆ ಕೊಳೆ ರೋಗ ಬರುವುದು ಮಳೆಗಾಲದಲ್ಲಿ. ಅದನ್ನು ತಡೆಯಲು ಬೋರ್ಡೋ ಮಿಶ್ರಣ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ಅಲ್ಲಿಂದ ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ, ಮಳೆ ಬಿಡದಿದ್ದರೆ ಮೂರನೆಯ ಸಲ. ಎರಡನೆಯ ಸಲದ ಹೊತ್ತಿಗೆ ತೋಟದವರು ಆಕಾಶ ನೋಡುತ್ತಲೇ ಇರುತ್ತಾರೆ. ಮಳೆ ಹೊಳವಾದ ಅರ್ಧ ದಿನದಲ್ಲಿ ಕೊನೆಗಾರನನ್ನು ಕರೆತಂದು ಮರ ಹತ್ತಿಸಬೇಕು, ಕೆಳಗೆ ಪಂಪು ಓಡಬೇಕು. ಸುಣ್ಣದ ಕಣ ನಾಝಲ್ಲಿನಲ್ಲಿ ಕೂತು ಕಟ್ಟಿಕೊಳ್ಳುತ್ತದೆ, ಪಂಪಿನೊಳಗಿನ ಸೀಲುಗಳನ್ನು ತಿನ್ನುತ್ತದೆ, ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಮದ್ದು ಗೊನೆಗೆ ತಲುಪುವುದಿಲ್ಲ. ಅಂಥ ದಿನ ನನ್ನ ಫೋನು ಬೆಳಿಗ್ಗೆ ಆರಕ್ಕೇ ಹೊಡೆದುಕೊಳ್ಳುತ್ತಿತ್ತು. ಹೀಗಾಗಿ ನಮ್ಮ ಎಂಜಿನಿಯರುಗಳು ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಬರುತ್ತಿದ್ದರು, ಬಹುತೇಕ ಸೋಮವಾರ ಬಂದು ಗುರುವಾರವೋ ಶುಕ್ರವಾರವೋ ಹೊರಡುತ್ತಿದ್ದರು.

ಅವರೆಲ್ಲ ಉಳಿಯುತ್ತಿದ್ದದ್ದು ಪೇಟೆಯ ಒಂದು ಲಾಡ್ಜಿನಲ್ಲಿ. ರಾತ್ರಿಗೆ 900 ರೂಪಾಯಿ. ಆಗ ಸಾವಿರದ ಒಳಗಿನ ಕೋಣೆಗೆ ಜಿಎಸ್‌ಟಿ ಇರಲಿಲ್ಲ. ಲಾಡ್ಜಿನವರು ಒಳ್ಳೆಯವರು, ನಡುರಾತ್ರಿ ಹೋದರೂ ಬಾಗಿಲು ತೆಗೆಯುವರು. ಆದರೆ ಬಿಸಿನೀರು ಸೋಲಾರ್‌ನದು. ಜುಲೈಯಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಊರಿನಲ್ಲಿ ಸೋಲಾರ್ ನೀರೆಂದರೆ ತಣ್ಣೀರೇ. ತೋಟದಿಂದ ಇಂಬಳ ಕಚ್ಚಿಸಿಕೊಂಡು, ಮೈಯೆಲ್ಲ ಮೈಲುತುತ್ತದ ನೀಲಿ ಮಾಡಿಕೊಂಡು ಬಂದವನಿಗೆ ತಣ್ಣೀರು ಕೊಟ್ಟರೆ ಅವನು ಎರಡನೆಯ ಸಲ ಮಲೆನಾಡಿಗೆ ಬರಲು ಒಪ್ಪುವುದಿಲ್ಲ. ಒದ್ದೆ ಬಟ್ಟೆ ಕೋಣೆಯ ಫ್ಯಾನಿನ ಕೆಳಗೆ ಮೂರು ದಿನವಾದರೂ ಒಣಗುತ್ತಿರಲಿಲ್ಲ. ತಿಂಡಿಗೆ ಹೊರಗೆ ಹೋಗಬೇಕು, ಪೇಟೆಯ ಹೋಟೆಲುಗಳಲ್ಲಿ ಮಳೆಗಾಲದ ಬೆಳಿಗ್ಗೆ ಒಲೆ ಹೊತ್ತುವುದೇ ತಡ. ಡ್ರೈವರ್ ವ್ಯಾನಿನಲ್ಲೇ ಮಲಗುತ್ತಿದ್ದ.

ಹೋಟೆಲುಗಳಿಂದ ಇಮೇಲ್ ಬರುವುದು ಹೊಸದೇನಲ್ಲ. ನಮ್ಮ ಕಚೇರಿಯ ವಿಳಾಸ ಪ್ರತಿ ಅಂಗಡಿಯ ಬೋರ್ಡಿನಲ್ಲಿತ್ತು, ಚಿಕ್ಕಮಗಳೂರಿನಿಂದಲೂ ಮಂಗಳೂರಿನಿಂದಲೂ ಪತ್ರ ಬರುತ್ತಿದ್ದವು. ಬಹುತೇಕ ಒಂದೇ ತರಹ. ಮೇಲೆ ‘ಮಾನ್ಯರೇ’, ಕೆಳಗೆ ಕಾಫಿ ತೋಟದ ಮಂಜಿನ ವರ್ಣನೆ, ಶಾರದಾಂಬೆಯ ಸನ್ನಿಧಿ ಎಷ್ಟು ಹತ್ತಿರ ಎಂಬ ಮಾತು, ಸಿರಿಮನೆ ಜಲಪಾತದ ಫೋಟೋ, ಜೊತೆಗೆ ಹತ್ತಾರು ಎಂಬಿಯ ಒಂದು ಕಡತ. ಮಳೆಗಾಲದಲ್ಲಿ ನಮ್ಮ ಬ್ರಾಡ್‌ಬ್ಯಾಂಡು ಮರ ಬಿದ್ದಾಗೆಲ್ಲ ಸತ್ತುಹೋಗುತ್ತಿತ್ತು, ಬದುಕಿದ್ದಾಗ ಆ ಕಡತ ಇಳಿಯಲು ಕಾಲು ಗಂಟೆ. ಇಳಿಸಿ ನೋಡಿದರೆ ದರವೇ ಇರುವುದಿಲ್ಲ, ‘ಆಕರ್ಷಕ ರಿಯಾಯಿತಿಗೆ ಸಂಪರ್ಕಿಸಿ’ ಎಂದಿರುತ್ತದೆ. ಅದನ್ನು ಬರೆದವರಿಗೆ ಪ್ರವಾಸಿಗನ ಮುಖ ಗೊತ್ತು, ಕೆಲಸಕ್ಕೆ ಬಂದವನ ಮುಖ ಗೊತ್ತಿಲ್ಲ. ನಮ್ಮ ಎಂಜಿನಿಯರ್ ಜಲಪಾತ ನೋಡಲು ಬರುವುದಿಲ್ಲ, ಅವನು ನೀರಿನಿಂದ ಪಾರಾಗಲು ಕೋಣೆ ಕೇಳುತ್ತಾನೆ.

ಆ ಮಾರ್ಚಿನಲ್ಲಿ ಬಂದದ್ದು ಬೇರೆ ತರಹದ್ದು. ಕೊಪ್ಪದ ಹತ್ತಿರವೇ ಹೊಸದಾಗಿ ತೆರೆದಿದ್ದ ಹೋಟೆಲೊಂದರ ಸೇಲ್ಸ್ ಎಕ್ಸಿಕ್ಯೂಟಿವ್ ಬರೆದದ್ದು, ವಿಳಾಸ ಹೋಟೆಲಿನ ಹೆಸರಿನದೇ. ನನ್ನ ಹೆಸರು ಹಾಕಿ ಶುರುಮಾಡಿದ್ದರು. ನಮ್ಮ ಅಂಗಡಿಯವರೊಬ್ಬರ ಕೌಂಟರಿನ ಮೇಲಿದ್ದ ವಿಸಿಟಿಂಗ್ ಕಾರ್ಡಿನಿಂದ ಹೆಸರು ತೆಗೆದುಕೊಂಡೆ ಎಂದು ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದರು. ಪತ್ರ ಇಂಗ್ಲಿಷಿನಲ್ಲಿತ್ತು, ನನ್ನ ನೆನಪಿನಲ್ಲಿ ಉಳಿದ ಸಾರ ಇಷ್ಟು:

“ನಿಮ್ಮ ಕಂಪನಿಯ ಎಂಜಿನಿಯರುಗಳು ಮಳೆಗಾಲದಲ್ಲಿ ಇಲ್ಲಿಗೆ ಬಂದು ಉಳಿಯುತ್ತಾರೆಂದು ಅಂಗಡಿಯವರು ಹೇಳಿದರು. ಏಪ್ರಿಲ್ 1ರಿಂದ ಮುಂದಿನ ಮಾರ್ಚ್ 31ರವರೆಗೆ ನಿಮಗೆ ಒಬ್ಬರ ಕೋಣೆಗೆ ತಿಂಡಿ ಸೇರಿ 1,450 ರೂಪಾಯಿ, ಇಬ್ಬರಿಗೆ 1,750 ರೂಪಾಯಿ, ಜಿಎಸ್‌ಟಿ ಶೇಕಡಾ 12 ಬೇರೆ. ನಮ್ಮ ಬೋರ್ಡಿನ ದರ 2,200. ಸಂಜೆ ಆರರೊಳಗೆ ತಿಳಿಸಿದರೆ ರದ್ದು ಮಾಡಿದ್ದಕ್ಕೆ ಹಣವಿಲ್ಲ. ಬಿಲ್ಲು ಕಂಪನಿಯ ಹೆಸರಿಗೆ, ನಿಮ್ಮ ಜಿಎಸ್‌ಟಿ ನಂಬರಿನ ಸಮೇತ. ನವರಾತ್ರಿಯ ದಿನಗಳಿಗೆ ಮತ್ತು ಡಿಸೆಂಬರ್ 24ರಿಂದ ಜನವರಿ 1ರವರೆಗೆ ಈ ದರ ಅನ್ವಯಿಸುವುದಿಲ್ಲ. ನಿಮ್ಮವರು ಯಾವ ತಿಂಗಳಲ್ಲಿ, ವಾರದ ಯಾವ ದಿನಗಳಲ್ಲಿ ಹೆಚ್ಚು ಬರುತ್ತಾರೆ ಎಂದು ಒಂದು ಸಾಲು ಬರೆದರೆ ಇದಕ್ಕಿಂತ ಚೆನ್ನಾಗಿ ಮಾಡಿಕೊಡಲು ಆಗುತ್ತದೆಯೇ ನೋಡುತ್ತೇನೆ.”

ಕಡತ ಇಲ್ಲ, ಫೋಟೋ ಇಲ್ಲ. ಕೆಳಗೆ ಹೆಸರು, ಫೋನ್ ನಂಬರು. ಒಂದು ಪರದೆಯಲ್ಲಿ ಮುಗಿಯಿತು.

ಆ ಪತ್ರದಲ್ಲಿ ಎರಡು ಮಾತು ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು, ಯಾವ ದಿನಗಳಿಗೆ ದರ ಇಲ್ಲ ಎಂದು ಮೊದಲೇ ಹೇಳಿದ್ದು. ಶೃಂಗೇರಿಯ ನವರಾತ್ರಿ ಎಂದರೆ ಈ ಭಾಗದ ಕೋಣೆಗಳೆಲ್ಲ ತುಂಬುವ ಕಾಲ. ಮಠದ ಅತಿಥಿಗೃಹಗಳು ಭರ್ತಿಯಾದ ಮೇಲೆ ಭಕ್ತರು ಕೊಪ್ಪಕ್ಕೂ ಬಂದು ಕೋಣೆ ಕೇಳುತ್ತಾರೆ. ಆಗ 1,450ಕ್ಕೆ ಕೋಣೆ ಕೊಡುತ್ತೇನೆಂದು ಬರೆಯುವ ಹೋಟೆಲು ಆ ದಿನ ಬಂದಾಗ ‘ಫುಲ್ ಆಗಿದೆ ಸರ್’ ಎನ್ನುತ್ತದೆ. ಬೇರೆ ಊರುಗಳಲ್ಲಿ ನಮ್ಮ ಕಂಪನಿಯವರಿಗೆ ಅದು ಆಗಿತ್ತು. ಇನ್ನೊಂದು, ಕೊನೆಯ ಪ್ರಶ್ನೆ. ಅಷ್ಟು ವರ್ಷದಲ್ಲಿ ಯಾವ ಹೋಟೆಲಿನವರೂ ನಮ್ಮ ಜನ ಯಾವ ತಿಂಗಳು ಬರುತ್ತಾರೆಂದು ಕೇಳಿರಲಿಲ್ಲ.

ನಾನು ಉತ್ತರ ಬರೆಯುವ ಬದಲು ಫೋನ್ ಮಾಡಿದೆ. ಅವರು ಎನ್.ಆರ್. ಪುರದ ಕಡೆಯ ಹುಡುಗಿ, ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬಂದವರು. ರಿಜಿಸ್ಟರ್ ತೆರೆದಿಟ್ಟುಕೊಂಡು ತಿಂಗಳು ತಿಂಗಳಿನ ಲೆಕ್ಕ ಓದಿದೆ. ಮಾರ್ಚಿನಲ್ಲಿ ಲೆಕ್ಕಪರಿಶೋಧಕರು, ಮೇ ಕೊನೆಯಿಂದ ಎಂಜಿನಿಯರುಗಳು, ಜೂನ್, ಜುಲೈ, ಆಗಸ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು. ಅವರು ಬರೆದುಕೊಳ್ಳುತ್ತಿದ್ದುದು ಕೇಳಿಸುತ್ತಿತ್ತು. ಕೊನೆಗೆ ಕೇಳಿದರು: “ಸರ್, ಬೇಜಾರಾಗ್ಬೇಡಿ, ನಿಮ್ ಎಂಜಿನಿಯರ್‌ಗಳಿಗೆ ರೂಮಿಗೆ ಅಂತ ಎಷ್ಟು ಅಲೋಯನ್ಸ್ ಇದೆ?”

ನಾನು ಹೇಳಿದೆ: “1,600 ಮೇಡಂ, ಟ್ಯಾಕ್ಸ್ ಸೇರಿ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರೇ ಲೆಕ್ಕ ಹೇಳಿದರು. 1,450ಕ್ಕೆ ಶೇಕಡಾ 12 ಎಂದರೆ 174. ಒಟ್ಟು 1,624. ನಮ್ಮ ಮಿತಿಗಿಂತ 24 ರೂಪಾಯಿ ಹೆಚ್ಚು.

ಕಂಪನಿಯಲ್ಲಿ ಕೆಲಸ ಮಾಡದವರಿಗೆ ಈ 24 ರೂಪಾಯಿ ಏನು ಮಾಡುತ್ತದೆ ಎಂದು ಹೊಳೆಯಲಿಕ್ಕಿಲ್ಲ. ಮಿತಿ ದಾಟಿದ ಬಿಲ್ಲನ್ನು ಎಂಜಿನಿಯರ್ ಸಲ್ಲಿಸಿದರೆ ಬೆಂಗಳೂರಿನ ಲೆಕ್ಕ ವಿಭಾಗ ಅದನ್ನು ತಿರುಗಿಸಿ ಕಳಿಸುತ್ತದೆ. ಮೇಲಿನವರ ಒಪ್ಪಿಗೆ ಬರೆಸಿಕೊಂಡು ಬರಬೇಕು, ಇಲ್ಲವಾದರೆ ಹೆಚ್ಚಿನದ್ದನ್ನು ಅವನೇ ಹಾಕಿಕೊಳ್ಳಬೇಕು. ನಾಲ್ಕು ರಾತ್ರಿಗೆ 96 ರೂಪಾಯಿ. ಹಣ ಸಣ್ಣದು, ಆದರೆ ಒಂದು ಒಪ್ಪಿಗೆಗಾಗಿ ಹತ್ತು ದಿನ ಅವನ ಇಡೀ ಪ್ರಯಾಣದ ಬಿಲ್ಲು ನಿಲ್ಲುತ್ತದೆ. ಮುಂದಿನ ಸಲ ಅವನು ಆ ಹೋಟೆಲಿನ ಹೆಸರು ಎತ್ತುವುದಿಲ್ಲ, ಸುಮ್ಮನೆ ಲಾಡ್ಜಿಗೆ ಹೋಗುತ್ತಾನೆ. ಹೋಟೆಲಿನವರಿಗೆ ಕಾರಣವೇ ತಿಳಿಯುವುದಿಲ್ಲ, ದರದ ಒಪ್ಪಂದ ಕಡತದಲ್ಲಿರುತ್ತದೆ, ಜನ ಬರುವುದಿಲ್ಲ.

ಮಾರನೆಯ ದಿನ ಎರಡನೆಯ ಇಮೇಲ್ ಬಂತು. ಒಬ್ಬರಿಗೆ 1,425. ತೆರಿಗೆ 171. ಒಟ್ಟು 1,596. ಒಟ್ಟು ಮೊತ್ತವನ್ನೇ ದಪ್ಪ ಅಕ್ಷರದಲ್ಲಿ ಮೊದಲು ಬರೆದಿದ್ದರು. ರಾತ್ರಿಗೆ 25 ರೂಪಾಯಿ ಬಿಟ್ಟದ್ದರಿಂದ ಅವರಿಗೆ ಇಡೀ ವರ್ಷದ ನಮ್ಮ ರಾತ್ರಿಗಳು ಸಿಕ್ಕವು. ನೂರಕ್ಕೆ ಇಷ್ಟು ರಿಯಾಯಿತಿ ಎಂದು ಕೂಗುವವರು ಯಾರೂ ಇಂಥ ಜಾಗದಲ್ಲಿ ಬಿಡುವುದಿಲ್ಲ, ಏಕೆಂದರೆ ಎದುರಿನವರ ಮಿತಿ ಎಲ್ಲಿದೆ ಎಂದು ಅವರು ಕೇಳಿರುವುದಿಲ್ಲ.

2,200ರ ಕೋಣೆಯನ್ನು 1,425ಕ್ಕೆ ಕೊಟ್ಟರೆ ಹೋಟೆಲಿಗೆ ಉಳಿಯುವುದೇನು ಎಂದು ನಾನೂ ಆಮೇಲೊಂದು ದಿನ ಕೇಳಿದೆ. ಅವರು ಮುಚ್ಚಿಡದೆ ಹೇಳಿದರು. ಜುಲೈ ತಿಂಗಳ ಮಂಗಳವಾರ ಬೋರ್ಡಿನ ದರಕ್ಕೆ ಕೋಣೆ ಹೋಗುವುದೇ ಇಲ್ಲ. ಶನಿವಾರ, ಭಾನುವಾರ ಮಳೆ ನೋಡಲು, ಜಲಪಾತ ನೋಡಲು ಬೆಂಗಳೂರಿನವರು ಬರುತ್ತಾರೆ, ಸೋಮವಾರ ಬೆಳಿಗ್ಗೆಗೆ ಕಾರಿಡಾರು ಖಾಲಿ. ವಾರದ ದಿನಗಳಲ್ಲಿ ಮೊಬೈಲಿನ ಬುಕಿಂಗ್ ಕಂಪನಿಗಳಲ್ಲಿ 1,600ಕ್ಕೆ ಹಾಕಿರುತ್ತಾರೆ, ಅದರಲ್ಲಿ ನೂರಕ್ಕೆ ಇಪ್ಪತ್ತು ಕಮಿಷನ್ ಹೋದರೆ ಕೈಗೆ ಬರುವುದು 1,280. ನಮ್ಮಿಂದ ನೇರವಾಗಿ 1,425. ಖಾಲಿ ಬಿಟ್ಟರೂ ಅಡುಗೆಯವನ ಸಂಬಳ, ಕಾವಲಿನವನ ಸಂಬಳ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಕೋಣೆಯಲ್ಲಿ ಒಬ್ಬರು ಮಲಗಿದರೆ ಹೆಚ್ಚಿಗೆ ಬೀಳುವ ಖರ್ಚೆಂದರೆ ಬಟ್ಟೆ ಒಗೆಯುವುದು, ಸಾಬೂನು, ಕರೆಂಟು, ಒಂದು ತಿಂಡಿ. ಪ್ರವಾಸಿಗರು ಬಾರದ ತಿಂಗಳಲ್ಲಿ ಬರುವ ಕಂಪನಿಯನ್ನು ಹುಡುಕುವುದೇ ಅವರ ಕೆಲಸ, ಮೈಲುತುತ್ತ ಮಾರುವ ಅಂಗಡಿಗಳಿಗೆಲ್ಲ ಅವರು ಹೋಗಿಬಂದದ್ದು ಅದಕ್ಕೇ. ಈ ಮೂರು ತಾಲೂಕಿನಲ್ಲಿ ಕಾರ್ಪೊರೇಟ್ ಗ್ರಾಹಕರೆಂದರೆ ಗಾಜಿನ ಕಟ್ಟಡದವರಲ್ಲ. ಗೊಬ್ಬರ, ಔಷಧದ ಕಂಪನಿಗಳ ಪ್ರತಿನಿಧಿಗಳು, ಬ್ಯಾಂಕಿನ ಶಾಖೆಗೆ ಬರುವ ಲೆಕ್ಕಪರಿಶೋಧಕರು, ಮೊಬೈಲ್ ಟವರ್ ರಿಪೇರಿಯವರು, ವಿಮೆಯ ಸರ್ವೇಯರುಗಳು, ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರಕ್ಕೆ ಕೆಲಸದ ಮೇಲೆ ಬರುವವರು. ಇವರಲ್ಲಿ ಪ್ರತಿಯೊಬ್ಬರಿಗೂ ಒಂದು ಮಿತಿ, ಒಂದು ಋತು ಇರುತ್ತದೆ. ಮೇಡಂ ಅದನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರು. ಆ ಪುಸ್ತಕ ನನಗೆ ಬಹಳ ಹಿಡಿಸಿತು.

ಒಪ್ಪಿಕೊಳ್ಳುವ ಮೊದಲು ಹೋಟೆಲನ್ನು ನೋಡಿ ಬಂದೆ. ನಮ್ಮ ಕಡೆ ಕೋಣೆ ನೋಡುವುದೆಂದರೆ ಹಾಸಿಗೆ, ಟಿವಿ ನೋಡಿ ಬರುವುದಲ್ಲ. ಮೊದಲು ಬಚ್ಚಲಿಗೆ ಹೋಗಿ ಗೀಸರ್ ಇದೆಯೇ ಎಂದು ನೋಡಿದೆ, ಸೋಲಾರಿನ ಜೊತೆ ಪ್ರತಿ ಕೋಣೆಗೂ ಇತ್ತು. ಕರೆಂಟು ಹೋದಾಗ ಜನರೇಟರಿನಿಂದ ಗೀಸರ್ ಓಡುತ್ತದೆಯೇ ಎಂದು ಕೇಳಿದೆ. ಓಡುವುದಿಲ್ಲ, ದೀಪ ಮತ್ತು ಫ್ಯಾನು ಮಾತ್ರ ಎಂದು ನೇರವಾಗಿ ಹೇಳಿದರು. ಆದರೆ ಅಡುಗೆಮನೆಯ ಹಿಂದೆ ಒಲೆಯ ಮೇಲೆ ಒಂದು ದೊಡ್ಡ ಹಂಡೆ ಕೂತಿತ್ತು. ಫೋನ್ ಮಾಡಿದರೆ ಬಕೆಟ್ಟಿನಲ್ಲಿ ಬಿಸಿನೀರು ಕೋಣೆಗೆ ಬರುತ್ತದೆ. ಆ ಒಲೆಯ ಪಕ್ಕದ ಬಿಸಿ ಕೋಣೆಯಲ್ಲಿ ಹಗ್ಗ ಕಟ್ಟಿ ಒದ್ದೆ ಬಟ್ಟೆ ಒಣಗಿಸಲು ಬಿಡಬಹುದೇ ಎಂದು ಕೇಳಿದೆ. ಅದನ್ನು ಯಾವ ಕಂಪನಿಯೂ ಕೇಳಿರಲಿಲ್ಲವಂತೆ, ಒಪ್ಪಿದರು. ಹೊರಗೆ ಪಂಪು, ಬೂಟು ತೊಳೆಯಲು ಒಂದು ನಲ್ಲಿ, ಡ್ರೈವರಿಗೆ ಮಲಗಲು ಹಾಸಿಗೆ, ಬೆಳಿಗ್ಗೆ ಆರೂವರೆಗೆ ತಿಂಡಿ. ಇವಿಷ್ಟನ್ನೂ ಒಪ್ಪಂದದ ಪತ್ರದಲ್ಲಿ ಬರೆಸಿದೆ. ಬಾಯಿಮಾತಿನಲ್ಲಿ ಒಪ್ಪಿದ್ದು ಪಾಳಿ ಬದಲಾದಾಗ ಮರೆತುಹೋಗುತ್ತದೆ, ರಾತ್ರಿ ರಿಸೆಪ್ಷನ್ನಿನಲ್ಲಿ ಕೂರುವ ಹುಡುಗನ ಮುಂದೆ ಕಾಗದವಿದ್ದರೆ ಡ್ರೈವರಿಗೆ ಹಾಸಿಗೆ ಸಿಗುತ್ತದೆ.

ಬಿಲ್ಲಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು. ಜಿಎಸ್‌ಟಿ ಜಾರಿಗೆ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ, ಎಲ್ಲರೂ ಕಲಿಯುತ್ತಿದ್ದೆವು. ಬಿಲ್ಲು ನಮ್ಮ ಕಂಪನಿಯ ಹೆಸರಿಗೆ, ನಮ್ಮ ಹದಿನೈದು ಅಕ್ಷರದ ನಂಬರಿನೊಂದಿಗೆ ಆದರೆ, ಆ 171 ರೂಪಾಯಿಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಆಗ ಕಂಪನಿಗೆ ನಿಜವಾಗಿ ಬೀಳುವುದು 1,425. ಬಿಲ್ಲು ಎಂಜಿನಿಯರಿನ ಹೆಸರಿಗೆ ಆದರೆ 1,596 ಪೂರ್ತಿ ಖರ್ಚು. ಒಂದು ರಾತ್ರಿಗೆ ಸಣ್ಣದು, ತೊಂಬತ್ತು ರಾತ್ರಿಗೆ 15,390 ರೂಪಾಯಿ. ಲಾಡ್ಜಿನ 900ರ ಜೊತೆ ಹೋಲಿಸುವಾಗ ನಾನು ಇಟ್ಟುಕೊಂಡದ್ದು ಈ 1,425ನ್ನೇ. ಅದರಲ್ಲಿ ತಿಂಡಿ ಇದೆ, ಡ್ರೈವರಿನ ಹಾಸಿಗೆ ಇದೆ. ವ್ಯತ್ಯಾಸ ಇನ್ನೂ ಉಳಿಯುತ್ತಿತ್ತು. ಆ ಹಣ ಬಿಸಿನೀರಿಗೆ ಮತ್ತು ಒಣ ಬಟ್ಟೆಗೆ ಎಂದು ನಮ್ಮ ಮ್ಯಾನೇಜರಿಗೆ ಬರೆದೆ, ಅವರು ಒಪ್ಪಿದರು.

ಇದರಲ್ಲಿ ಇನ್ನೊಂದು ತಿರುವಿದೆ. ಹೋಟೆಲಿನ ಕೋಣೆಯ ತೆರಿಗೆ ಕಟ್ಟಡ ಎಲ್ಲಿದೆಯೋ ಆ ರಾಜ್ಯಕ್ಕೆ ಸೇರಿದ್ದು. ಕೊಪ್ಪದ ಹೋಟೆಲು ಹಾಕುವುದು ಕೇಂದ್ರದ ಅರ್ಧ, ಕರ್ನಾಟಕದ ಅರ್ಧ. ಕರ್ನಾಟಕದಲ್ಲಿ ನೋಂದಣಿ ಇರುವ ನಮ್ಮಂಥವರಿಗೆ ಅದು ವಜಾ ಆಗುತ್ತದೆ. ಕೊಯಮತ್ತೂರಿನ ಪಂಪಿನ ಕಂಪನಿ ತನ್ನ ತಮಿಳುನಾಡಿನ ನಂಬರು ಕೊಟ್ಟು ಬಿಲ್ಲು ಮಾಡಿಸಿದರೆ ಆ ತೆರಿಗೆ ಅವರಿಗೆ ಸಿಗುವುದಿಲ್ಲ. ನಂಬರಿನ ಮೊದಲ ಎರಡು ಅಂಕಿ ನೋಡಿದರೆ ಇದು ತಿಳಿಯುತ್ತದೆ, ಕರ್ನಾಟಕದ್ದು 29, ತಮಿಳುನಾಡಿನದು 33. ನಮ್ಮ ಕೆಲಸಕ್ಕೆಂದೇ ಅಲ್ಲಿಂದ ಬಂದು, ನಾವೇ ಖರ್ಚು ಕೊಡಬೇಕಾದ ಎಂಜಿನಿಯರುಗಳ ಕೋಣೆಯನ್ನು ನಾವೇ ಬುಕ್ ಮಾಡಿ ನಮ್ಮ ಹೆಸರಿಗೇ ಬಿಲ್ಲು ಮಾಡಿಸತೊಡಗಿದ್ದು ಇದಕ್ಕಾಗಿ. ಮೇಡಂ ಇದನ್ನು ತಮ್ಮ ಮುಂದಿನ ಪತ್ರಗಳಲ್ಲಿ ಒಂದು ಸಾಲು ಮಾಡಿ ಸೇರಿಸಿಕೊಂಡರು: ‘ಕರ್ನಾಟಕದ ನೋಂದಣಿ ಇರುವ ಕಂಪನಿಗಳಿಗೆ ತೆರಿಗೆ ವಜಾ ಸಿಗುತ್ತದೆ.’ ಬೆಂಗಳೂರಿನ ಕಚೇರಿಗಳಿಂದ ಅವರಿಗೆ ಉತ್ತರ ಬರಲು ಆ ಸಾಲು ಸಹಾಯ ಮಾಡಿತಂತೆ.

ತಪ್ಪು ಆಗುವ ಜಾಗವೂ ಇಲ್ಲೇ. ಜೂನಿನಲ್ಲಿ ಒಂದು ಬಿಲ್ಲಿನಲ್ಲಿ ನಮ್ಮ ನಂಬರಿನ ಒಂದು ಅಕ್ಷರ ತಪ್ಪಾಗಿ ಬಿತ್ತು. ಕಾಗದ ನೋಡಿದರೆ ಎಲ್ಲ ಸರಿ ಕಾಣುತ್ತದೆ. ತಪ್ಪು ತಿಳಿಯುವುದು ಹೋಟೆಲಿನವರು ತಮ್ಮ ಮಾರಾಟದ ಲೆಕ್ಕ ಸಲ್ಲಿಸಿದ ಮೇಲೆ, ಜಿಎಸ್‌ಟಿ ತಾಣದಲ್ಲಿ ನಮ್ಮ ಹೆಸರಿನ ಪಟ್ಟಿಗೆ ಆ ಬಿಲ್ಲು ಬಾರದೆ ಹೋದಾಗ. ಸಣ್ಣ ವಹಿವಾಟಿನವರು ಆಗ ಮೂರು ತಿಂಗಳಿಗೊಮ್ಮೆ ಆ ವಿವರ ಸಲ್ಲಿಸಬಹುದಾಗಿತ್ತು, ಹಾಗಾಗಿ ಜೂನಿನ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತಿರಲಿಲ್ಲ. ಅವರು ತಿದ್ದಿ ಮತ್ತೆ ಹಾಕಿದರು. ಅಲ್ಲಿಂದ ಮುಂದೆ ಎಂಜಿನಿಯರ್ ಹೊರಡುವ ಬೆಳಿಗ್ಗೆಯೇ ಬಿಲ್ಲಿನ ಫೋಟೋವನ್ನು ವಾಟ್ಸಾಪಿನಲ್ಲಿ ನನಗೆ ಕಳಿಸಬೇಕು, ನಾನು ನಂಬರ್ ಓದಿ ಸರಿ ಎಂದ ಮೇಲೆ ಅವನು ಹೊರಡಬೇಕು ಎಂದು ನಿಯಮ ಮಾಡಿದೆ.

ಜುಲೈಯಲ್ಲಿ ಇನ್ನೊಂದು ತಕರಾರು. ನಮ್ಮ ಒಬ್ಬ ಎಂಜಿನಿಯರ್ ರಿಸೆಪ್ಷನ್ನಿನ ಮುಂದೆ ನಿಂತೇ ಮೊಬೈಲಿನಲ್ಲಿ ಅದೇ ಹೋಟೆಲಿನ ದರ ನೋಡಿದ. ಅವತ್ತು 1,299. ಒಪ್ಪಂದದ ಕಂಪನಿ ದಾರಿಹೋಕನಿಗಿಂತ ಹೆಚ್ಚು ಕೊಡಬೇಕೇ ಎಂದು ನನಗೆ ಫೋನ್ ಮಾಡಿದ. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮಳೆಗಾಲದ ದರ ದಿನದಿನಕ್ಕೂ ಕುಣಿಯುತ್ತದೆ, ವರ್ಷಕ್ಕೊಂದು ದರ ಬರೆದಿಟ್ಟವರು ಕೆಲವು ದಿನ ನಷ್ಟಕ್ಕೆ ಬೀಳುತ್ತಾರೆ. ಮೇಡಂ ಜೊತೆ ಮಾತಾಡಿದೆ. “ಸರ್, ಓನರ್ ಹತ್ರ ಕೇಳಿ ಹೇಳ್ತೀನಿ” ಎಂದವರು ಸಂಜೆಗೆ ಒಂದು ಸಾಲು ಸೇರಿಸಿ ಪತ್ರ ಕಳಿಸಿದರು. ಆ ದಿನ ಮೊಬೈಲಿನಲ್ಲಿ ಒಪ್ಪಂದಕ್ಕಿಂತ ಕಡಿಮೆ ಇದ್ದರೆ ನಮಗೂ ಅದೇ ದರ, ಆದರೆ ಬುಕಿಂಗ್ ನೇರವಾಗಿ ಹೋಟೆಲಿಗೇ ಮಾಡಬೇಕು. ಕಮಿಷನ್ ಉಳಿಯುವುದರಿಂದ 1,299ಕ್ಕೆ ಕೊಟ್ಟರೂ ಅವರಿಗೆ ನಷ್ಟವಿರಲಿಲ್ಲ. ದರದ ಪತ್ರಕ್ಕೆ ಸಹಿ ಹಾಕುವ ಪ್ರತಿ ಕಚೇರಿಯೂ ಈ ಸಾಲನ್ನು ಕೇಳಿ ಬರೆಸಿಕೊಳ್ಳಬೇಕು.

ಆಗಸ್ಟಿನ ಮಳೆ ಬೇರೆಯೇ ಪಾಠ ಕಲಿಸಿತು. ಸಂಜೆ ಆರರೊಳಗೆ ತಿಳಿಸಿದರೆ ಹಣವಿಲ್ಲ ಎಂಬುದು ಬಯಲುಸೀಮೆಗೆ ಸರಿ. ನಮ್ಮ ಕಡೆ ಆರು ಗಂಟೆಗೆ ಬರುತ್ತೇನೆಂದು ಹೊರಟವನು ಏಳಕ್ಕೆ ದಾರಿಯಲ್ಲಿ ಮರ ಬಿದ್ದು ಸಿಕ್ಕಿಬೀಳುತ್ತಾನೆ, ಫೋನಿಗೆ ಸಿಗ್ನಲ್ ಇರುವುದಿಲ್ಲ. ಒಮ್ಮೆ ಹಾಗೆಯೇ ಇಬ್ಬರು ಶೃಂಗೇರಿಯ ಕಡೆಯ ಒಂದು ತೋಟದ ಮನೆಯಲ್ಲೇ ರಾತ್ರಿ ಕಳೆದರು. ತೋಟದ ಯಜಮಾನರು ಊಟ ಹಾಕಿ, ಕಂಬಳಿ ಕೊಟ್ಟು ಮಲಗಿಸಿದರು. ಇತ್ತ ಖಾಲಿ ಉಳಿದ ಕೋಣೆಯ ಬಿಲ್ಲು ಬಂತು. ನಾನು ಕಾರಣ ಬರೆದೆ, ಅವರು ಬಿಲ್ಲು ಹಿಂದೆ ತೆಗೆದುಕೊಂಡರು. ಜೊತೆಗೆ ಒಪ್ಪಂದದಲ್ಲಿ ‘ಮಳೆಯಿಂದ ದಾರಿ ಕಟ್ಟಾದರೆ ಮರುದಿನ ತಿಳಿಸಿದರೂ ಸಾಕು’ ಎಂದು ಸೇರಿಸಿದರು. ಖಾಲಿ ಮಳೆಗಾಲದಲ್ಲಿ ಆ ಕೋಣೆಯನ್ನು ಬೇರೆಯವರು ಕೇಳಿಯೂ ಇರಲಿಲ್ಲ, ಹಣ ಹಿಡಿದುಕೊಂಡಿದ್ದರೆ ನಮ್ಮನ್ನು ಕಳೆದುಕೊಳ್ಳುತ್ತಿದ್ದರು. ಅದು ಆ ಹುಡುಗಿಗೆ ಚೆನ್ನಾಗಿ ಗೊತ್ತಿತ್ತು.

ಅಕ್ಟೋಬರಿನ ನವರಾತ್ರಿಯಲ್ಲಿ ನಮಗೆ ಕೋಣೆ ಸಿಗಲಿಲ್ಲ. ಪತ್ರದಲ್ಲಿ ಮೊದಲೇ ಹೇಳಿದ್ದರಿಂದ ನಾನು ಯಾರನ್ನೂ ಆ ವಾರ ಕರೆಸಿರಲಿಲ್ಲ, ತುರ್ತಿಗೆ ಬಂದ ಒಬ್ಬರನ್ನು ಹಳೆಯ ಲಾಡ್ಜಿನಲ್ಲಿ ಇಳಿಸಿದೆ. ಯಾರಿಗೂ ಬೇಸರವಾಗಲಿಲ್ಲ.

ಆಮೇಲೆ ನಾನು ಆ ಕೆಲಸ ಬಿಟ್ಟೆ, ಅವರೂ ದೊಡ್ಡ ಊರಿನ ಹೋಟೆಲಿಗೆ ಹೋದರೆಂದು ಕೇಳಿದೆ. ತೆರಿಗೆಯ ಲೆಕ್ಕವೂ ಬದಲಾಯಿತು. 2022ರ ಜುಲೈ 18ರಿಂದ ಸಾವಿರದ ಒಳಗಿನ ಕೋಣೆಗೂ ಶೇಕಡಾ 12 ಬಂತು, ಲಾಡ್ಜಿನ 900 ರೂಪಾಯಿ 1,008 ಆಯಿತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗೆ ಶೇಕಡಾ 5, ಆದರೆ ಹೋಟೆಲಿನವರು ತಾವು ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವಂತಿಲ್ಲ. ಅದೇ 1,600ರ ಮಿತಿಯನ್ನು ಇವತ್ತು ಇಟ್ಟು ನೋಡಿದರೆ, ಹೋಟೆಲು 1,520 ಹೇಳಿದರೂ 76 ರೂಪಾಯಿ ತೆರಿಗೆ ಸೇರಿ ಮೊತ್ತ ಮತ್ತೆ 1,596 ಆಗುತ್ತದೆ. ಎಂಜಿನಿಯರಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಹೋಟೆಲಿಗೆ 95 ರೂಪಾಯಿ ಹೆಚ್ಚು ಸಿಕ್ಕಿತು, ಕಳೆದುಕೊಂಡ ವಜಾವನ್ನು ಅದರಲ್ಲೇ ತುಂಬಿಕೊಳ್ಳಬೇಕು. ಕಂಪನಿಯ ಕಡೆ ಬಿಲ್ಲಿನಲ್ಲಿರುವ ತೆರಿಗೆಯೇ 76, ವಾಪಸು ಲೆಕ್ಕಕ್ಕೆ ಬರುವುದಿದ್ದರೂ ಅಷ್ಟೇ. ಆದ್ದರಿಂದ ಕಚೇರಿಯಲ್ಲಿ ಕೂತು ಇಂಥ ಪತ್ರ ಓದುವವರು ಹಳೆಯ ಒಪ್ಪಂದವನ್ನು ಹಾಗೇ ಮುಂದುವರಿಸದೆ ಹೊಸದಾಗಿ ಲೆಕ್ಕ ಹಾಕಿ ಮಾತಾಡಬೇಕು. ಹೋಟೆಲಿನ ಕಡೆಯಿಂದ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಯಾವುದೇ ಕಚೇರಿಗೆ ಬರೆಯುವಾಗ ತೆರಿಗೆ ಸೇರಿದ ಮೊತ್ತವನ್ನು ಮೊದಲ ಸಾಲಿನಲ್ಲಿ ಬರೆಯಿರಿ, ದರ ಇಲ್ಲದ ದಿನಗಳನ್ನು ಎರಡನೆಯ ಸಾಲಿನಲ್ಲಿ ಬರೆಯಿರಿ, ಅವರ ಜನ ಯಾವ ತಿಂಗಳು ಬರುತ್ತಾರೆಂದು ಕೇಳಿ, ಮತ್ತು ಅಡುಗೆಮನೆಯ ಹಿಂದೆ ಹಂಡೆ ಇದ್ದರೆ ಅದನ್ನೂ ಬರೆಯಿರಿ.